ಕಮಿಷನ್ ಕೊಡೋದಾ, ಗಿರಾಕಿಯನ್ನು ನಾವೇ ಹುಡುಕೋದಾ? ಫ್ರೀಲಾನ್ಸರ್‌ಗಳಿಗೆ ಗಂಟೆಯ ಲೆಕ್ಕ

ಮನೆಯಲ್ಲೇ ಕೂತು ಡಿಸೈನ್, ಅನುವಾದ, ವಿಡಿಯೊ ಎಡಿಟಿಂಗ್ ಮಾಡುವವರು ನಮ್ಮ ಊರುಗಳಲ್ಲೂ ಈಗ ಸಾಕಷ್ಟು ಜನ ಇದ್ದಾರೆ. ಹುಬ್ಬಳ್ಳಿ, ದಾವಣಗೆರೆ, ಮಂಗಳೂರಿನಂಥ ಊರಿನಲ್ಲಿ ಇದ್ದುಕೊಂಡೇ ಅಮೆರಿಕದ ಗಿರಾಕಿಗೆ ಕೆಲಸ ಮಾಡಿಕೊಡುತ್ತಾರೆ. ಇವರಲ್ಲಿ ಬಹಳ ಜನ ಶುರು ಮಾಡುವುದು ಕೆಲಸ ಮಾಡುವವರಿಗೆ ಗಿರಾಕಿಗಳನ್ನು ಜೋಡಿಸಿಕೊಡುವ ಫೈವರ್, ಅಪ್‌ವರ್ಕ್‌ನಂಥ ಸೈಟ್‌ಗಳಿಂದ. ಮೊದಲ ಕೆಲವು ತಿಂಗಳು ಆರ್ಡರ್ ಸಿಕ್ಕಿದ ಖುಷಿ. ಆಮೇಲೆ ಒಂದು ದಿನ ಸ್ಟೇಟ್‌ಮೆಂಟ್ ತೆಗೆದು ನೋಡಿದರೆ ಕಮಿಷನ್ ಅಂತ ಹೋಗಿರುವ ದುಡ್ಡು ಕಣ್ಣಿಗೆ ಬೀಳುತ್ತದೆ. "ಇಷ್ಟೆಲ್ಲಾ ಸುಮ್ನೆ ಯಾಕೆ ಕೊಡಬೇಕು? ನಾನೇ ನೇರವಾಗಿ ಗಿರಾಕಿ ಹುಡುಕಿಕೊಂಡರೆ ಆಗಲ್ವಾ?" ಎಂಬ ಪ್ರಶ್ನೆ ಆಗಲೇ ಏಳುವುದು.

ಅಪ್‌ವರ್ಕ್ 2025ರ ಮೇ ತಿಂಗಳಲ್ಲಿ ತನ್ನ ಕಮಿಷನ್ ಪದ್ಧತಿಯನ್ನೇ ಬದಲಾಯಿಸಿದ ಮೇಲೆ ಈ ಪ್ರಶ್ನೆ ಇನ್ನಷ್ಟು ಜನರನ್ನು ಕಾಡುತ್ತಿದೆ. ಇದಕ್ಕೆ ಎಲ್ಲರಿಗೂ ಹೊಂದುವ ಒಂದೇ ಉತ್ತರ ಇಲ್ಲ. ಆದರೆ ನಿಮ್ಮ ಉತ್ತರವನ್ನು ನೀವೇ ಕಂಡುಕೊಳ್ಳಲು ಒಂದು ಲೆಕ್ಕ ಇದೆ. ಕಾಗದ, ಪೆನ್ನು ಸಾಕು.

## ಕಮಿಷನ್ ಎಂದರೆ ನಿಜವಾಗಿ ಎಷ್ಟು?

ಮೊದಲು ಸೈಟ್‌ಗಳು ಎಷ್ಟು ತೆಗೆದುಕೊಳ್ಳುತ್ತವೆ ಎಂದು ನೋಡೋಣ. ಫೈವರ್ ಕೆಲಸ ಮಾಡಿದವರ ಹಣದಿಂದ ಶೇ 20 ಹಿಡಿಯುತ್ತದೆ. ಗಿರಾಕಿ ಖುಷಿಯಿಂದ ಕೊಟ್ಟ ಟಿಪ್ಸ್‌ನಿಂದಲೂ ಶೇ 20 ಹೋಗುತ್ತದೆ. ಅಷ್ಟೇ ಅಲ್ಲ, ಗಿರಾಕಿಯಿಂದ ಬೇರೆಯಾಗಿ ಶೇ 5.5 ಸೇವಾ ಶುಲ್ಕ ತೆಗೆದುಕೊಳ್ಳುತ್ತದೆ. ಅಂದರೆ ನೀವು ₹4,000 ಎಂದು ಬೆಲೆ ಹಾಕಿದ ಕೆಲಸಕ್ಕೆ, ಸಣ್ಣ ಆರ್ಡರ್‌ಗಳಿಗೆ ಬೀಳುವ ಹೆಚ್ಚುವರಿ ಶುಲ್ಕ ಬಿಟ್ಟರೂ, ಗಿರಾಕಿ ಕೊಡುವುದು ₹4,220, ನಿಮಗೆ ಸಿಗುವುದು ₹3,200. ನಡುವೆ ಉಳಿಯುವ ₹1,020 ಗಿರಾಕಿ ಕೊಟ್ಟಿದ್ದರ ಸುಮಾರು ಶೇ 24.

₹4,220 ಎಂಬ ಅಂಕಿಯನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು. ಬೆಲೆ ₹4,000 ಎಂದು ನಾವು ಅಂದುಕೊಂಡಿರುತ್ತೇವೆ. ಆ ಕೆಲಸಕ್ಕೆ ₹4,220 ಕೊಡಲು ಸಿದ್ಧ ಇರುವ ಗಿರಾಕಿಗಳು ಇದ್ದಾರೆ ಎಂಬುದನ್ನು ಸೈಟೇ ನಮಗೆ ತೋರಿಸಿಕೊಟ್ಟಿದೆ.

ಅಪ್‌ವರ್ಕ್‌ನ ದರ ಕಾಲಕಾಲಕ್ಕೆ ಬದಲಾಗಿದೆ. 2016ರಿಂದ ಒಬ್ಬ ಗಿರಾಕಿಯ ಮೊದಲ 500 ಡಾಲರ್‌ಗೆ ಶೇ 20, ಮುಂದೆ 10,000 ಡಾಲರ್‌ವರೆಗೆ ಶೇ 10, ಅದರ ಮೇಲೆ ಶೇ 5 ಇತ್ತು. ಒಬ್ಬನೇ ಗಿರಾಕಿಯ ಜೊತೆ ವರ್ಷಗಟ್ಟಲೆ ಕೆಲಸ ಮಾಡುವವರಿಗೆ ಅದು ಲಾಭದ್ದಾಗಿತ್ತು. 2023ರಲ್ಲಿ ಎಲ್ಲರಿಗೂ ಶೇ 10 ಆಯಿತು. 2025ರ ಮೇ ತಿಂಗಳಿಂದ ಹೊಸ ಕಾಂಟ್ರಾಕ್ಟ್‌ಗಳಿಗೆ ಶೇ 0ರಿಂದ ಶೇ 15ರ ನಡುವೆ ಎಷ್ಟಾದರೂ ಇರಬಹುದು. ಜೊತೆಗೆ ಕೆಲಸ ಕೇಳಿ ಅರ್ಜಿ ಹಾಕಲು 'ಕನೆಕ್ಟ್ಸ್' ಎಂಬ ಟೋಕನ್ ಬೇಕು. ಒಂದಕ್ಕೆ 0.15 ಡಾಲರ್, ಒಂದು ಅರ್ಜಿಗೆ ಹಲವು ಬೇಕಾಗುತ್ತವೆ. ಕೆಲಸ ನಿಮಗೆ ಸಿಗದಿದ್ದರೂ ಆ ದುಡ್ಡು ಹೋದಂತೆಯೇ.

ಇದರ ಮೇಲೆ ಡಾಲರ್ ರೂಪಾಯಿ ಆಗುವಾಗಿನ ಕಡಿತ, ಬ್ಯಾಂಕಿಗೆ ತರಿಸಿಕೊಳ್ಳುವ ಶುಲ್ಕ ಇರುತ್ತವೆ. ಕೆಲವು ಸೈಟ್‌ಗಳಲ್ಲಿ ಕಮಿಷನ್ ಮೇಲೆ ಜಿಎಸ್‌ಟಿಯೂ ಸೇರುತ್ತದೆ. ನಿಮ್ಮ ಸ್ಟೇಟ್‌ಮೆಂಟ್‌ನಲ್ಲಿ ಇವೆಲ್ಲ ಬೇರೆಬೇರೆ ಸಾಲಿನಲ್ಲಿ ಇರುತ್ತವೆ, ಕೂಡಿಸಿಕೊಳ್ಳಬೇಕಾದವರು ನೀವೇ.

ಟಿಡಿಎಸ್ ಅಂತ ಹೋಗುವುದನ್ನು ಮಾತ್ರ ಈ ಖರ್ಚಿಗೆ ಸೇರಿಸಬೇಡಿ. ಆನ್‌ಲೈನ್ ಮಾರುಕಟ್ಟೆಗಳು ಹಿಡಿಯಬೇಕಾದ ಟಿಡಿಎಸ್ 2024ರ ಅಕ್ಟೋಬರ್ 1ರಿಂದ ಶೇ 0.1ಕ್ಕೆ ಇಳಿದಿದೆ. ನೇರವಾಗಿ ಕೆಲಸ ಕೊಡುವ ಕಂಪನಿಯಾದರೆ ವೃತ್ತಿಪರ ಸೇವೆಗೆ ವರ್ಷಕ್ಕೆ ₹50,000 ದಾಟಿದಾಗ ಶೇ 10 ಹಿಡಿಯುತ್ತದೆ. ಎರಡೂ ನಿಮ್ಮ ಪ್ಯಾನ್ ಹೆಸರಿನಲ್ಲೇ ಜಮಾ ಆಗುತ್ತವೆ, ರಿಟರ್ನ್ಸ್ ಹಾಕುವಾಗ ಲೆಕ್ಕಕ್ಕೆ ಬರುತ್ತವೆ. ದುಡ್ಡು ಕೈಗೆ ಬರುವುದು ತಡವಾಗುತ್ತದೆ ಅಷ್ಟೇ.

## ಆ ದುಡ್ಡಿಗೆ ನಮಗೆ ಸಿಗುವುದೇನು?

ಕಮಿಷನ್ ಕೊಟ್ಟು ನಾವು ಕೊಳ್ಳುವುದು ಎರಡು ಕೆಲಸಗಳನ್ನು. ಒಂದು, ಗಿರಾಕಿಯನ್ನು ನಮ್ಮ ಬಾಗಿಲಿಗೆ ತಂದು ನಿಲ್ಲಿಸುವುದು. ಇನ್ನೊಂದು, ಅವರಿಂದ ದುಡ್ಡು ವಸೂಲಿ ಮಾಡುವುದು. ಫೈವರ್‌ನಲ್ಲಿ ಗಿರಾಕಿ ಆರ್ಡರ್ ಮಾಡುವಾಗಲೇ ಪೂರ್ತಿ ಹಣ ಕಟ್ಟಿರುತ್ತಾನೆ. ಕೆಲಸ ಮುಗಿದ ಮೇಲೆ ಸಾಮಾನ್ಯವಾಗಿ 14 ದಿನ ಬಿಟ್ಟು ಅದು ನಿಮಗೆ ಸಿಗುತ್ತದೆ. "ಸರ್, ಪೇಮೆಂಟ್ ಯಾವಾಗ ಮಾಡ್ತೀರಿ?" ಎಂದು ಕೇಳುವ ಸಂಕಟ ಇಲ್ಲ.

ನೇರ ಗಿರಾಕಿಯ ವಿಷಯದಲ್ಲಿ ಈ ಎರಡೂ ಕೆಲಸ ನಮ್ಮ ತಲೆ ಮೇಲೆ ಬರುತ್ತವೆ. ಅವಕ್ಕೆ ಹೋಗುವುದು ದುಡ್ಡಲ್ಲ, ಗಂಟೆಗಳು. ಸ್ಟೇಟ್‌ಮೆಂಟ್‌ನಲ್ಲಿ ಕಮಿಷನ್ ಕಾಣುತ್ತದೆ, ಆ ಗಂಟೆಗಳು ಎಲ್ಲೂ ಕಾಣುವುದಿಲ್ಲ. ಅದಕ್ಕೇ ನೇರ ಗಿರಾಕಿ ಎಂದರೆ ಪುಕ್ಕಟೆ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ.

ಟ್ಯಾಂಕರ್ ನೀರು, ಬೋರ್‌ವೆಲ್ ನೀರಿನ ವ್ಯತ್ಯಾಸ ನಮಗೆಲ್ಲ ಗೊತ್ತು. ಟ್ಯಾಂಕರ್‌ಗೆ ಪ್ರತಿ ಸಲ ದುಡ್ಡು ಕೊಡಬೇಕು, ಹತ್ತನೇ ಲೋಡಿಗೂ ಅದೇ ರೇಟು. ಬೋರ್‌ವೆಲ್‌ಗೆ ಮೊದಲೇ ದೊಡ್ಡ ಖರ್ಚು. ನೀರು ಬೀಳದೆಯೂ ಹೋಗಬಹುದು. ಬಿದ್ದರೆ ಆಮೇಲೆ ಕರೆಂಟು, ಮೋಟಾರ್ ರಿಪೇರಿ ಬಿಟ್ಟರೆ ಹೆಚ್ಚು ಖರ್ಚಿಲ್ಲ. ಕಮಿಷನ್ ಪ್ರತಿ ಆರ್ಡರ್‌ಗೂ ಬೀಳುವ ಖರ್ಚು. ನೇರ ಗಿರಾಕಿಯನ್ನು ಗಳಿಸುವ ಶ್ರಮ ಒಬ್ಬ ಗಿರಾಕಿಗೆ ಒಂದೇ ಸಲ. ಹಾಗಾದರೆ ಕೇಳಬೇಕಾದ ಪ್ರಶ್ನೆ ಒಂದೇ: ಆ ಗಿರಾಕಿ ಎಷ್ಟು ಸಲ ಕೆಲಸ ಕೊಟ್ಟರೆ ಮೊದಲ ಶ್ರಮ ವಾಪಸ್ ಬರುತ್ತದೆ?

## ಮೊದಲ ಹೆಜ್ಜೆ: ಸೈಟ್‌ನಲ್ಲಿ ನಿಮ್ಮ ಗಂಟೆಯ ಬೆಲೆ

ದಾವಣಗೆರೆಯ ಒಬ್ಬ ಡಿಸೈನರ್‌ರನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಎಣ್ಣೆ ಬಾಟಲಿ, ಮಸಾಲೆ ಪುಡಿ, ಉಪ್ಪಿನಕಾಯಿಗೆ ಲೇಬಲ್ ಮಾಡಿಕೊಡುವುದು ಅವರ ಕೆಲಸ. ಇಲ್ಲಿಂದ ಮುಂದೆ ಬರುವ ಅಂಕಿಗಳು ಲೆಕ್ಕ ತೋರಿಸಲು ಇಟ್ಟುಕೊಂಡವು. ಆ ಜಾಗದಲ್ಲಿ ನಿಮ್ಮದನ್ನು ಹಾಕಿಕೊಳ್ಳಿ.

ಅವರಿಗೆ ಶೇ 20 ಕಮಿಷನ್ ಇರುವ ಸೈಟ್‌ನಲ್ಲಿ ತಿಂಗಳಿಗೆ 10 ಆರ್ಡರ್ ಬರುತ್ತವೆ, ಒಂದಕ್ಕೆ ₹4,000. ಒಟ್ಟು ₹40,000. ಕಮಿಷನ್ ₹8,000 ಹೋಯಿತು, ಹಣ ತರಿಸಿಕೊಳ್ಳುವುದಕ್ಕೆ ₹1,000 ಹೋಯಿತು. ಕೈಗೆ ₹31,000.

ಒಂದು ಲೇಬಲ್‌ಗೆ 6 ಗಂಟೆ, ಹತ್ತಕ್ಕೆ 60 ಗಂಟೆ. ಇಷ್ಟಕ್ಕೇ ನಿಲ್ಲಿಸಬಾರದು. ಬರೀ ವಿಚಾರಿಸಿ ಮಾಯವಾಗುವವರಿಗೆ ಉತ್ತರ ಬರೆಯುವುದು, ಪ್ರೊಫೈಲ್ ಚಿತ್ರ ಬದಲಾಯಿಸುವುದು, ರೇಟಿಂಗ್ ಕೆಡದಂತೆ ತಕರಾರು ಬಗೆಹರಿಸುವುದು, ಇದಕ್ಕೆಲ್ಲ ತಿಂಗಳಿಗೆ 12 ಗಂಟೆ ಬೇಕು. ಒಟ್ಟು 72 ಗಂಟೆ. ₹31,000ವನ್ನು 72ರಿಂದ ಭಾಗಿಸಿದರೆ ಗಂಟೆಗೆ ಸುಮಾರು ₹430.

ಇದು ಅವರ ಗಂಟೆಯ ಬೆಲೆ. ನೇರ ಗಿರಾಕಿಗಾಗಿ ಕಳೆಯುವ ಪ್ರತಿ ಗಂಟೆಯನ್ನೂ ಇದರ ಪಕ್ಕ ಇಟ್ಟು ನೋಡಬೇಕು.

ಆ 12 ಗಂಟೆಯನ್ನು ಬಹಳ ಜನ ಬರೆದಿಟ್ಟುಕೊಳ್ಳುವುದೇ ಇಲ್ಲ. ಒಂದು ತಿಂಗಳು ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಹಾಕಿ. ದುಡ್ಡು ಬಂದ ಕೆಲಸದ ಗಂಟೆ ಒಂದರಲ್ಲಿ, ಸೈಟ್‌ಗಾಗಿ ಮಾಡಿದ ಸಂಬಳವಿಲ್ಲದ ಕೆಲಸ ಇನ್ನೊಂದರಲ್ಲಿ, ನೇರ ಗಿರಾಕಿಗಾಗಿ ಓಡಾಡಿದ್ದು ಮೂರನೆಯದರಲ್ಲಿ. ಎರಡನೇ ಕಾಲಂ ಮೊದಲನೆಯದರ ಅರ್ಧದಷ್ಟಾಗಿದ್ದರೆ ನಿಮ್ಮನ್ನು ಹಿಂಡುತ್ತಿರುವುದು ಕಮಿಷನ್‌ಗಿಂತ ಹೆಚ್ಚಾಗಿ ಆ ಗಂಟೆಗಳೇ.

## ಎರಡನೇ ಹೆಜ್ಜೆ: ಒಬ್ಬ ಗಿರಾಕಿಯನ್ನು ಗಳಿಸಲು ಎಷ್ಟು ಗಂಟೆ?

ಈಗ ಅದೇ ಡಿಸೈನರ್ ಸುತ್ತಮುತ್ತಲಿನ ಗಾಣದ ಎಣ್ಣೆ ಮಾಡುವವರನ್ನು ನೇರವಾಗಿ ಹಿಡಿಯಲು ಹೊರಡುತ್ತಾರೆ. ಯಾರುಯಾರು ಇದ್ದಾರೆ ಎಂದು ಪಟ್ಟಿ ಮಾಡಲು 2 ಗಂಟೆ. ಹತ್ತು ಜನರಿಗೆ ಫೋನ್ ಮಾಡಿ, ಅಂಗಡಿಗೆ ಹೋಗಿ ಮಾತಾಡಲು 9 ಗಂಟೆ. ಅವರಲ್ಲಿ ಮೂವರು ಕೂತು ಮಾತಾಡಲು ಒಪ್ಪುತ್ತಾರೆ. ಆ ಮಾತುಕತೆ, ರೇಟ್ ಬರೆದು ಕಳಿಸುವುದು ಸೇರಿ 5 ಗಂಟೆ. "ಒಂದು ಸ್ಯಾಂಪಲ್ ತೋರಿಸಿ" ಎನ್ನುತ್ತಾರೆ, ಅದಕ್ಕೆ 4 ಗಂಟೆ. ಕೊನೆಗೆ ಒಬ್ಬರು ಕೆಲಸ ಕೊಡುತ್ತಾರೆ. ಒಟ್ಟು 20 ಗಂಟೆ.

ಇಲ್ಲಿ ಒಂದು ವಿಷಯ ಗಮನಿಸಿ. ಕೆಲಸ ಕೊಟ್ಟ ಒಬ್ಬರ ಹಿಂದೆ ಓಡಾಡಿದ ಗಂಟೆಗಳನ್ನು ಮಾತ್ರ ಎಣಿಸಿದರೆ ಲೆಕ್ಕ ತಪ್ಪುತ್ತದೆ. "ಆಮೇಲೆ ಫೋನ್ ಮಾಡ್ತೀನಿ" ಎಂದು ಕಳಿಸಿದ ಒಂಬತ್ತು ಜನರ ಹಿಂದೆ ಹೋದ ಸಮಯವೂ ಈ ಒಬ್ಬರ ಖಾತೆಗೇ ಸೇರಬೇಕು.

ಕೆಲಸದ ಗಂಟೆಯೂ ಸ್ವಲ್ಪ ಜಾಸ್ತಿ. ಸೈಟ್‌ನ ಗಿರಾಕಿ ಎಲ್ಲ ವಿವರ ಬರೆದೇ ಕಳಿಸುತ್ತಾನೆ. ಇಲ್ಲಿ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಲೈಸೆನ್ಸ್ ನಂಬರ್ ಬೇಕೆಂದರೆ ಗಿರಾಕಿ ಸರ್ಟಿಫಿಕೇಟ್ ಹುಡುಕಿ ಫೋಟೊ ತೆಗೆದು ಕಳಿಸಬೇಕು. ಪೌಷ್ಟಿಕಾಂಶದ ಪಟ್ಟಿ ಲ್ಯಾಬ್‌ನಿಂದ ಬಂದಿರುವುದಿಲ್ಲ. ಸಸ್ಯಾಹಾರದ ಹಸಿರು ಗುರುತು, ಎಂಆರ್‌ಪಿ, ಬ್ಯಾಚ್ ನಂಬರ್‌ಗೆ ಖಾಲಿ ಜಾಗ, ಎಲ್ಲವನ್ನೂ ನೀವೇ ಕೇಳಿ ಕೇಳಿ ಹಾಕಿಸಬೇಕು. ಬಿಲ್ ಮಾಡುವುದು, ದುಡ್ಡು ನೆನಪಿಸುವುದು ಬೇರೆ. ಹಾಗಾಗಿ ಒಂದು ಲೇಬಲ್‌ಗೆ 6ರ ಬದಲು 7 ಗಂಟೆ ಎಂದು ಹಿಡಿಯೋಣ.

## ಮೂರನೇ ಹೆಜ್ಜೆ: ಎಷ್ಟು ಕೆಲಸಕ್ಕೆ ಸರಿಹೋಗುತ್ತದೆ?

ಸೂತ್ರ ಇಷ್ಟೇ:

```
ಬೇಕಾದ ಕೆಲಸಗಳು = (ಗಳಿಸುವ ಗಂಟೆ × ಗಂಟೆಯ ಬೆಲೆ)
               ÷ (ಕೆಲಸದ ದುಡ್ಡು − ಕೆಲಸದ ಗಂಟೆ × ಗಂಟೆಯ ಬೆಲೆ)
```

ಮೇಲಿನ ಸಾಲು ಮೊದಲೇ ಹಾಕಿದ ಬಂಡವಾಳ. 20 ಗಂಟೆ, ಗಂಟೆಗೆ ₹430ರಂತೆ ₹8,600. ಕೆಳಗಿನ ಸಾಲು, ಅದೇ ಸಮಯ ಸೈಟ್‌ನಲ್ಲಿ ಕೆಲಸ ಮಾಡಿದ್ದಕ್ಕಿಂತ ಪ್ರತಿ ಲೇಬಲ್‌ನಿಂದ ಎಷ್ಟು ಹೆಚ್ಚು ಸಿಕ್ಕಿತು ಎಂಬುದು. 7 ಗಂಟೆಗೆ ₹430ರಂತೆ ₹3,010. ಅದಕ್ಕಿಂತ ಮೇಲೆ ಬಂದದ್ದು ಉಳಿಕೆ.

ಊರಿನ ಗಿರಾಕಿ ಅಂತ ರೇಟು ಇಳಿಸಿ ₹3,500ಕ್ಕೆ ಒಪ್ಪಿಕೊಂಡರೆ ಉಳಿಕೆ ₹490. ₹8,600 ವಾಪಸ್ ಬರಲು 18 ಲೇಬಲ್ ಬೇಕು. ₹3,000ಕ್ಕೆ ಒಪ್ಪಿಕೊಂಡರೆ ಉಳಿಕೆಯೇ ಇಲ್ಲ. ಆ ಗಿರಾಕಿ ನೂರು ಲೇಬಲ್ ಕೊಟ್ಟರೂ ಸೈಟ್‌ನ ಆದಾಯಕ್ಕೆ ಸಮ ಆಗುವುದಿಲ್ಲ. ಕಮಿಷನ್ ಒಂದು ಪೈಸೆಯೂ ಇಲ್ಲದೆ!

₹4,500 ಕೇಳಿ ತೆಗೆದುಕೊಂಡರೆ? ಉಳಿಕೆ ₹1,490. ಆರು ಲೇಬಲ್‌ಗೆ ಲೆಕ್ಕ ಚುಕ್ತಾ.

18 ಲೇಬಲ್ ಎಲ್ಲಿ, 6 ಲೇಬಲ್ ಎಲ್ಲಿ. ರೇಟಿನಲ್ಲಿ ಸಾವಿರ ರೂಪಾಯಿ ವ್ಯತ್ಯಾಸಕ್ಕೆ ಇಷ್ಟು ಅಂತರ. ನೇರ ಗಿರಾಕಿಗೆ "ಕಮಿಷನ್ ಇಲ್ಲವಲ್ಲ, ಅದನ್ನು ನಿಮಗೇ ಬಿಟ್ಟುಕೊಡುತ್ತೇನೆ" ಎಂದು ಡಿಸ್ಕೌಂಟ್ ಕೊಡುವ ಅಭ್ಯಾಸ ನಮ್ಮಲ್ಲಿ ಬಹಳ. ಉಳಿದ ಕಮಿಷನ್ ಎಂದರೆ ನಿಮ್ಮ ಓಡಾಟದ ಕೂಲಿ. ಅದನ್ನು ಬಿಟ್ಟುಕೊಟ್ಟರೆ ಓಡಾಡಿದ್ದೂ ವ್ಯರ್ಥ, ಕಮಿಷನ್ ಉಳಿಸಿದ್ದೂ ವ್ಯರ್ಥ. ಸೈಟ್‌ನಲ್ಲಿ ಗಿರಾಕಿ ಕೊಡುತ್ತಿದ್ದ ₹4,220ಕ್ಕಿಂತ ಕಡಿಮೆಗೆ ಇಳಿಯುವ ಮುಂಚೆ ಈ ಸೂತ್ರವನ್ನು ಒಮ್ಮೆ ಹಾಕಿ ನೋಡಿ.

## ಒಂದು ಗಾಣದ ಎಣ್ಣೆ ಅಂಗಡಿಯ ಲೆಕ್ಕ

ಆರು ಲೇಬಲ್ ಕೊಡುವ ಗಿರಾಕಿ ಯಾರು ಎಂದು ಮೊದಲೇ ಊಹಿಸಬಹುದಾ? ಲೇಬಲ್ ಕೆಲಸದಲ್ಲಿ ಸ್ವಲ್ಪ ಮಟ್ಟಿಗೆ ಸಾಧ್ಯ. ಅಂಗಡಿಯ ಶೆಲ್ಫ್ ನೋಡಿದರೆ ಸಾಕು.

ಶೇಂಗಾ, ಕೊಬ್ಬರಿ, ಎಳ್ಳು, ಕುಸುಬೆ, ಹೀಗೆ ನಾಲ್ಕು ಎಣ್ಣೆ ಮಾಡುವ ಗಾಣದವರು ಇದ್ದಾರೆ ಎಂದುಕೊಳ್ಳಿ. ಪ್ರತಿ ಎಣ್ಣೆಯೂ ಅರ್ಧ ಲೀಟರ್, ಒಂದು ಲೀಟರ್, ಐದು ಲೀಟರ್ ಅಳತೆಯಲ್ಲಿ. ಒಟ್ಟು 12 ಲೇಬಲ್. ಆದರೆ ಹನ್ನೆರಡಕ್ಕೂ ಪೂರ್ತಿ ರೇಟು ಕೇಳಲಾಗುವುದಿಲ್ಲ. ನಾಲ್ಕು ಹೊಸ ಡಿಸೈನ್, ಉಳಿದ ಎಂಟು ಅದೇ ಡಿಸೈನನ್ನು ಬೇರೆ ಅಳತೆಗೆ ಕೂರಿಸುವ ಕೆಲಸ. ಅದಕ್ಕೆ ತಲಾ ಒಂದೂವರೆ ಗಂಟೆ, ₹1,000.

ನಾಲ್ಕು ಡಿಸೈನ್‌ಗೆ ₹4,500ರಂತೆ ₹18,000. ಎಂಟು ಅಳತೆಗೆ ₹8,000. ಒಟ್ಟು ₹26,000. ಗಂಟೆ ಎಷ್ಟು? ಡಿಸೈನ್‌ಗೆ 28, ಅಳತೆ ಬದಲಾವಣೆಗೆ 12, ಗಿರಾಕಿಯನ್ನು ಗಳಿಸಲು 20. ಸೇರಿ 60. ಗಂಟೆಗೆ ₹433. ಮೊದಲ ಸುತ್ತಿಗೇ ಸೈಟ್‌ನ ಆದಾಯಕ್ಕೆ ಸಮ ಆಯಿತು. ರೇಟು ₹3,500 ಆಗಿದ್ದರೆ ಒಟ್ಟು ₹22,000, ಗಂಟೆಗೆ ₹367 ಮಾತ್ರ.

ಅಸಲಿ ಲಾಭ ಎರಡನೇ ಸುತ್ತಿನಿಂದ ಶುರು. ಹಬ್ಬಕ್ಕೆ ಗಿಫ್ಟ್ ಪ್ಯಾಕ್, ಹೊಸದಾಗಿ ಬೆಲ್ಲದ ಪುಡಿ, ಶೇಂಗಾ ಚಟ್ನಿಪುಡಿ ಎಂದು ಬರುವ ಹೊಸ ಲೇಬಲ್‌ಗಳಿಗೆ ಗಳಿಸುವ ಗಂಟೆ ಸೊನ್ನೆ. ₹4,500ವನ್ನು 7 ಗಂಟೆಗೆ ಭಾಗಿಸಿದರೆ ಗಂಟೆಗೆ ₹640ರ ಮೇಲೆ.

ಇದಕ್ಕೆ ಹೋಲಿಸಿದರೆ ಹೊಸ ಹೋಟೆಲ್‌ನವರು ಒಂದು ಲೋಗೊ ಮಾಡಿಸಿಕೊಂಡರೆ ಮುಂದಿನ ಐದು ವರ್ಷ ಅವರಿಗೆ ಇನ್ನೊಂದು ಬೇಡ. ಮದುವೆ ಆಮಂತ್ರಣವೂ ಹಾಗೇ. ಒಮ್ಮೆ ಮುಗಿದರೆ ಮುಗಿಯಿತು. ಇಂಥ ಕೆಲಸಗಳಿಗೆ ನೇರ ಗಿರಾಕಿ ಹುಡುಕಿ 20 ಗಂಟೆ ಸುರಿದರೆ ಅದು ವಾಪಸ್ ಬರುವ ದಾರಿ ಬಹಳ ಕಡಿಮೆ. ಅವುಗಳನ್ನು ಸೈಟ್‌ಗೇ ಬಿಡುವುದು ಮೇಲು ಎಂದು ನನ್ನ ಅನಿಸಿಕೆ. ಒಂದೇ ಸಲದ ಕೆಲಸಕ್ಕೆ ಒಂದೇ ಸಲ ಕಮಿಷನ್, ಸರಿಹೋಗುತ್ತದೆ.

## ಗಳಿಸುವ ಗಂಟೆಯನ್ನು ಇಳಿಸುವುದು ಹೇಗೆ?

ಸೂತ್ರದ ಮೇಲಿನ ಸಾಲಿನಲ್ಲಿ ನಿಮ್ಮ ಕೈಯಲ್ಲಿರುವುದು ಆ 20 ಗಂಟೆ. ಅದನ್ನು ಇಳಿಸುವ ದಾರಿ ಎಂದರೆ, ಗಿರಾಕಿ ಈಗಾಗಲೇ ಹೋಗುತ್ತಿರುವ ಜಾಗದಲ್ಲಿ ನಿಂತುಕೊಳ್ಳುವುದು.

ಲೇಬಲ್ ಕೆಲಸಕ್ಕೆ ಆ ಜಾಗ ಪ್ರಿಂಟಿಂಗ್ ಪ್ರೆಸ್. ಸ್ಟಿಕ್ಕರ್ ಹೊಡೆಸಲು ಬರುವ ಅರ್ಧ ಜನರ ಹತ್ತಿರ ಡಿಸೈನ್ ಇರುವುದಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಬಂದ ಮಸುಕು ಚಿತ್ರ ತೋರಿಸಿ "ಇದೇ ಥರ ಮಾಡಿಕೊಡಿ" ಎನ್ನುತ್ತಾರೆ. ಪ್ರೆಸ್‌ನಲ್ಲಿ ಡಿಟಿಪಿ ಮಾಡುವವರು ಒಬ್ಬರು ಇದ್ದರೂ ಅವರಿಗೆ ವಿಸಿಟಿಂಗ್ ಕಾರ್ಡ್, ಬಿಲ್ ಬುಕ್ಕಿನ ಕೆಲಸವೇ ಕೈತುಂಬ. ಆಹಾರದ ಲೇಬಲ್‌ನಲ್ಲಿ ಏನೇನು ಇರಬೇಕು ಎಂದು ತಿಳಿದವರು, ಫೈಲನ್ನು ಪ್ರಿಂಟಿಂಗ್‌ಗೆ ಬೇಕಾದ ಸಿಎಂವೈಕೆ ಬಣ್ಣದಲ್ಲಿ, ಕಟಿಂಗ್ ಗೆರೆಗೆ ಸರಿಯಾಗಿ ಕೊಡುವವರು ಸಿಕ್ಕರೆ ಪ್ರೆಸ್ ಮಾಲೀಕರಿಗೂ ನೆಮ್ಮದಿ. ಯಾಕೆಂದರೆ ಲೈಸೆನ್ಸ್ ನಂಬರ್‌ನಲ್ಲಿ ಒಂದು ಅಂಕಿ ತಪ್ಪಿದರೆ ಹೊಡೆದ ಲೇಬಲ್ ಎಲ್ಲ ರದ್ದಿಗೆ. ಬಣ್ಣಕ್ಕೊಂದರಂತೆ ಸಿಲಿಂಡರ್ ಕೊರೆಸಿ ಪೌಚ್ ಮೇಲೆ ಹೊಡೆಸುವವರಿಗಂತೂ ಒಂದು ತಪ್ಪು ಬಹಳ ದುಬಾರಿ.

ಪ್ರೆಸ್ ಮೂಲಕ ಬಂದ ಗಿರಾಕಿಗೆ ಗಳಿಸುವ ಗಂಟೆ 8ಕ್ಕೆ ಇಳಿಯಿತು ಎಂದುಕೊಳ್ಳಿ. ಲೇಬಲ್‌ಗೆ ₹500 ಪ್ರೆಸ್‌ನವರಿಗೆ ಕೊಡಬೇಕಾಗಬಹುದು. ಅದೂ ಕಮಿಷನ್ನೇ, ಲೆಕ್ಕಕ್ಕೆ ಹಿಡಿಯಬೇಕು. ಆಗ ಬಂಡವಾಳ ₹3,440, ಪ್ರತಿ ಲೇಬಲ್ ಉಳಿಕೆ ₹990. ನಾಲ್ಕು ಲೇಬಲ್‌ಗೆ ಲೆಕ್ಕ ಚುಕ್ತಾ. ಕಮಿಷನ್ ಕೊಟ್ಟೂ ನೇರ ಓಡಾಟಕ್ಕಿಂತ ಬೇಗ! ಕಮಿಷನ್ ಇದೆಯೋ ಇಲ್ಲವೋ ಎಂಬುದಕ್ಕಿಂತ, ಆ ದುಡ್ಡಿಗೆ ಎಷ್ಟು ಗಂಟೆ ಉಳಿಯಿತು ಎಂದು ನೋಡಬೇಕು ಎನ್ನುವುದು ಇದಕ್ಕೇ.

ಬೇರೆ ಕೆಲಸದವರಿಗೆ ಇಂಥ ಜಾಗ ಬೇರೆ ಇರುತ್ತದೆ. ಅನುವಾದಕರಿಗೆ ಅದು ನೋಟರಿ ವಕೀಲರ ಕಚೇರಿ ಇರಬಹುದು, ವಿಡಿಯೊ ಎಡಿಟರ್‌ಗೆ ಫೋಟೊ ಸ್ಟುಡಿಯೊ.

## ದುಡ್ಡು ಬರದಿದ್ದರೆ?

ಇಷ್ಟು ಹೊತ್ತು ಮಾಡಿದ ಲೆಕ್ಕದಲ್ಲಿ ಎಲ್ಲರೂ ದುಡ್ಡು ಕೊಟ್ಟಿದ್ದಾರೆ. ನಿಜ ಜೀವನ ಹಾಗಿಲ್ಲ. ಹತ್ತು ಲೇಬಲ್‌ನಲ್ಲಿ ಒಂದರ ದುಡ್ಡು ಮುಳುಗುತ್ತದೆ ಎಂದಿಟ್ಟುಕೊಳ್ಳಿ. ₹4,500ರ ಲೇಬಲ್‌ನ ಸರಾಸರಿ ₹4,050ಕ್ಕೆ ಇಳಿಯುತ್ತದೆ. ಪ್ರೆಸ್ ಇಲ್ಲದೆ ನೇರವಾಗಿ ಹುಡುಕಿದ ಗಿರಾಕಿಗೆ 6 ಲೇಬಲ್ ಸಾಕಿದ್ದದ್ದು ಈಗ 9 ಆಗುತ್ತದೆ. ಅರ್ಧ ದುಡ್ಡು ಅಡ್ವಾನ್ಸ್ ತೆಗೆದುಕೊಂಡೇ ಕೆಲಸ ಶುರು ಮಾಡಿದರೆ ನಷ್ಟವೂ ಅರ್ಧವಾಗಿ, 7 ಲೇಬಲ್‌ಗೆ ಸರಿಹೋಗುತ್ತದೆ. ಒಂದು ಅಡ್ವಾನ್ಸ್ ನಿಯಮಕ್ಕೆ ಎರಡು ಲೇಬಲ್‌ನ ಬೆಲೆ ಇದೆ.

ಪ್ರಿಂಟ್ ಕೆಲಸದವರಿಗೆ ಇನ್ನೊಂದು ಹಿಡಿತವೂ ಇದೆ. ನೋಡಲು ಚಿಕ್ಕ ಗಾತ್ರದ ಚಿತ್ರ ಕಳಿಸಿ, ಪೂರ್ತಿ ದುಡ್ಡು ಬಂದ ಮೇಲೆ ಪ್ರಿಂಟ್ ಫೈಲ್ ಕೊಡುವುದು. ಇದನ್ನು ರೇಟ್ ಹೇಳುವಾಗಲೇ ಬರೆದು ತಿಳಿಸಬೇಕು. ಕೊನೆಗೆ ಹೇಳಿದರೆ ಮನಸ್ತಾಪ.

ಕಾನೂನಿನ ಆಸರೆಯೂ ಇದೆ. ಸಣ್ಣ ಉದ್ದಿಮೆಗಳಿಗಾಗಿ ಸರ್ಕಾರ ನಡೆಸುವ ಉದ್ಯಮ್ ಪೋರ್ಟಲ್‌ನಲ್ಲಿ ನೋಂದಣಿಗೆ ಶುಲ್ಕ ಇಲ್ಲ, ಸೇವೆ ಕೊಡುವವರೂ ಮಾಡಿಸಬಹುದು. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ, ಹೀಗೆ ನೋಂದಾಯಿಸಿಕೊಂಡವರಿಗೆ ಲಿಖಿತ ಒಪ್ಪಂದ ಇದ್ದರೂ 45 ದಿನಕ್ಕಿಂತ ಹೆಚ್ಚು ಹಣ ತಡೆಹಿಡಿಯುವಂತಿಲ್ಲ. ಒಪ್ಪಂದ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆದರೆ ₹4,500ಕ್ಕೆ ದೂರು ಹಾಕಿಕೊಂಡು ಓಡಾಡುವ ಗಂಟೆಗಳೇ ಅದಕ್ಕಿಂತ ದುಬಾರಿ. ಲಕ್ಷದ ಬಾಕಿಗೆ ಈ ದಾರಿ ಸರಿ. ಸಣ್ಣ ಬಿಲ್‌ಗೆ ಅಡ್ವಾನ್ಸೇ ಕಾಪು.

## ನಿಮ್ಮ ಗಂಟೆ ಖಾಲಿ ಇದೆಯಾ, ತುಂಬಿದೆಯಾ?

ಗಂಟೆಯ ಬೆಲೆ ₹430 ಎಂದು ಹಿಡಿದೆವು. ಇದು ಸರಾಸರಿ. ಆರ್ಡರ್ ಜಾಸ್ತಿಯಾಗಿ ಕೆಲವನ್ನು ವಾಪಸ್ ಕಳಿಸುತ್ತಿರುವವರಿಗೆ ಈ ಬೆಲೆ ಸರಿ. ಅವರು ಗಿರಾಕಿ ಹುಡುಕಲು ಒಂದು ಗಂಟೆ ಹೋದರೆ ನಿಜವಾಗಿಯೂ ₹430 ಕಳೆದುಕೊಳ್ಳುತ್ತಾರೆ.

ಆರ್ಡರ್‌ಗಾಗಿ ಕಾಯುತ್ತಾ ಕೂತಿರುವವರ ಕಥೆ ಬೇರೆ. ಅವರು ಸೈಟ್‌ನಲ್ಲಿ ಇನ್ನೊಂದು ಗಂಟೆ ಕೂತರೂ ಇನ್ನೊಂದು ಆರ್ಡರ್ ಬರುವ ಖಾತ್ರಿ ಇಲ್ಲ. ಅವರ ಆ ಗಂಟೆಗೆ ₹150 ಸಿಕ್ಕರೆ ಹೆಚ್ಚು ಎಂದುಕೊಳ್ಳಿ. ಅದೇ ಸೂತ್ರಕ್ಕೆ ₹430 ಬದಲು ₹150 ಹಾಕಿ. ಬಂಡವಾಳ ₹3,000. ₹3,500ರ ಲೇಬಲ್‌ನಲ್ಲೂ ಉಳಿಕೆ ₹2,450. ಎರಡೇ ಲೇಬಲ್‌ಗೆ ಲೆಕ್ಕ ಮುಗಿಯಿತು. ಮೊದಲು 18 ಬೇಕಾಗಿದ್ದ ಅದೇ ಗಿರಾಕಿಗೆ!

ಹೊಸಬರ ಸ್ಥಿತಿಯೂ ಇದೇ. ರಿವ್ಯೂ ಇಲ್ಲ, ಹತ್ತಾರು ಅರ್ಜಿಗೆ ಒಂದು ಉತ್ತರ. "ಮೊದಲು ಸೈಟ್‌ನಲ್ಲಿ ಹೆಸರು ಮಾಡು, ಆಮೇಲೆ ನೇರ ಗಿರಾಕಿ" ಎಂಬ ಸಲಹೆ ಎಲ್ಲ ಕಡೆ ಕೇಳುತ್ತದೆ. ಊರಿನಲ್ಲೇ ಕೆಲಸ ಕೊಡುವವರು ಇರುವ ವೃತ್ತಿಯಾದರೆ ಈ ಲೆಕ್ಕ ತಿರುಗುಮುರುಗಾಗಿ ಹೇಳುತ್ತದೆ: ಗಂಟೆ ಅಗ್ಗವಾಗಿರುವಾಗಲೇ ಓಡಾಟ ಅಗ್ಗ. ಸೈಟ್ ಬೆಳೆದು ಕೈ ತುಂಬಿದ ಮೇಲೆ ಅದೇ ಓಡಾಟ ದುಬಾರಿಯಾಗುತ್ತದೆ.

## ಸೈಟ್‌ನ ಗಿರಾಕಿಯನ್ನೇ ಹೊರಗೆ ಕರೆತರಬಹುದಾ?

ಎಲ್ಲರಿಗೂ ಹೊಳೆಯುವ ಅಡ್ಡದಾರಿ ಇದು. ಗಳಿಸುವ ಗಂಟೆ ಸೊನ್ನೆ, ಕಮಿಷನ್ ಸೊನ್ನೆ. ಆದರೆ ಒಪ್ಪಿ ಸಹಿ ಹಾಕಿದ ನಿಯಮದಲ್ಲಿ ಇದಕ್ಕೆ ಬಾಗಿಲು ಮುಚ್ಚಿದೆ. ಅಪ್‌ವರ್ಕ್‌ನಲ್ಲಿ ಪರಿಚಯವಾದ ಗಿರಾಕಿಯ ಜೊತೆ ಎರಡು ವರ್ಷ ಸೈಟ್ ಮೂಲಕವೇ ವ್ಯವಹರಿಸಬೇಕು. ಅದಕ್ಕೂ ಮುಂಚೆ ಹೊರಗೆ ಹೋಗಬೇಕೆಂದರೆ ದೊಡ್ಡ ಮೊತ್ತದ ಪರಿವರ್ತನಾ ಶುಲ್ಕ ಕಟ್ಟಬೇಕು. ಫೈವರ್‌ನಲ್ಲಿ ಹೊರಗಡೆ ದುಡ್ಡು ತೆಗೆದುಕೊಳ್ಳುವುದಕ್ಕೇ ಅವಕಾಶ ಇಲ್ಲ. ಸಿಕ್ಕಿಬಿದ್ದರೆ ಖಾತೆ ಬಂದ್ ಆಗಬಹುದು. ವರ್ಷಗಟ್ಟಲೆ ಕೂಡಿಸಿದ ರಿವ್ಯೂಗಳೂ ಜೊತೆಗೆ ಹೋಗುತ್ತವೆ. ಹಾಗಾಗಿ ಸೈಟ್‌ನವರು ಸೈಟ್‌ನಲ್ಲೇ ಇರಲಿ. ನೇರ ಗಿರಾಕಿಗಳನ್ನು ಬೇರೆ ಕಡೆಯಿಂದಲೇ ತರಬೇಕು.

## ತಿಂಗಳ ಗಂಟೆಗಳನ್ನು ಹಂಚುವುದು

ನಮ್ಮ ಡಿಸೈನರ್‌ಗೆ ಮನೆಗೆಲಸ, ಮಕ್ಕಳ ಶಾಲೆ ಎಲ್ಲ ಕಳೆದು ತಿಂಗಳಿಗೆ 80 ಗಂಟೆ ಸಿಗುತ್ತದೆ ಎಂದುಕೊಳ್ಳಿ. 72 ಸೈಟ್‌ಗೆ ಹೋಗುತ್ತದೆ. ಉಳಿದ 8 ಗಂಟೆ ಪ್ರೆಸ್‌ಗಳಿಗೆ. ವಾರಕ್ಕೆ ಎರಡು ಗಂಟೆ, ಒಂದೇ ದಿನ, ಒಂದೇ ರಸ್ತೆ. ಮೂರು ತಿಂಗಳು ಇದನ್ನೇ ಮಾಡಿದರೆ 24 ಗಂಟೆ. ನಮ್ಮ ಅಂದಾಜಿನಂತೆ ಅಷ್ಟರಲ್ಲಿ ಮೂವರು ಗಿರಾಕಿಗಳು ಸಿಗಬೇಕು. ಒಬ್ಬರೇ ಸಿಕ್ಕರೆ ಗಳಿಸುವ ಗಂಟೆ 8 ಅಲ್ಲ, 24 ಎಂದು ಬರೆದುಕೊಳ್ಳಬೇಕು. ಹೊಸ ಅಂಕಿ ಹಾಕಿದರೆ ಬೇಕಾದ ಲೇಬಲ್ ನಾಲ್ಕರಿಂದ 11ಕ್ಕೆ ಏರುತ್ತದೆ. ಆ ಒಬ್ಬ ಗಿರಾಕಿಯ ಶೆಲ್ಫ್‌ನಲ್ಲಿ ಅಷ್ಟು ಸಾಮಾನು ಇದ್ದರೆ ಮುಂದುವರಿಯಬಹುದು. ಇಲ್ಲದಿದ್ದರೆ ಆ ದಾರಿ ಬಿಟ್ಟು ಬೇರೆ ಪ್ರೆಸ್ ಅಥವಾ ಪ್ಯಾಕಿಂಗ್ ಸಾಮಾನು ಮಾರುವ ಅಂಗಡಿ ನೋಡಬೇಕು.

ಗಿರಾಕಿಗಳು ಹೆಚ್ಚಾಗಿ 80 ಗಂಟೆ ಸಾಲದೇ ಹೋದಾಗ ಸೈಟ್‌ನಲ್ಲಿ ಬೆಲೆ ಏರಿಸುವುದು ಒಳ್ಳೆಯದು. ₹4,000ರ ಲೇಬಲ್‌ಗೆ ₹5,000 ಹಾಕಿದರೆ ಕೆಲವು ಆರ್ಡರ್ ಬಿಟ್ಟುಹೋಗುತ್ತವೆ, ಬಂದವು ಹೆಚ್ಚು ಕೊಡುತ್ತವೆ, ಖಾತೆಯೂ ಜೀವಂತ ಇರುತ್ತದೆ. ಆಗ ಗಂಟೆಯ ಬೆಲೆಯೂ ಬದಲಾಗುತ್ತದೆ. ಆ ಹೊಸ ಬೆಲೆಯನ್ನು ಸೂತ್ರಕ್ಕೆ ಹಾಕಿ ನೇರ ಗಿರಾಕಿಗಳ ರೇಟನ್ನು ಇನ್ನೊಮ್ಮೆ ನೋಡಬೇಕು. ಏಕೆಂದರೆ ಮೊದಲ ವರ್ಷ ಒಪ್ಪಿದ ₹4,500 ಆಗ ಕಡಿಮೆ ಅನಿಸಬಹುದು, ಮುಂದಿನ ಲೇಬಲ್‌ಗೆ ರೇಟು ಹೇಳುವ ಮುಂಚೆಯೇ ಅದು ಗೊತ್ತಿರಬೇಕು.